ಸೈನಸ್ ಅಂದರೆ ಮೂಗಿನದ್ದಲ್ಲ: ಇಸಿಜಿ ಕಾಗದದ ಎರಡು ಸಾಲು

(ದಾವಣಗೆರೆಯಲ್ಲಿ ಹೃದಯದ ಕಾಯಿಲೆ ಇರುವವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ರೋಗಿಗಳ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹೋದ ಚಳಿಗಾಲದಲ್ಲಿ ಒಬ್ಬ ಹೆಣ್ಣುಮಗಳು ತಂದೆಯನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ತಂದೆಯ ತಲೆ, ಕಿವಿ ಎಲ್ಲ ಸೇರಿಸಿ ಮಫ್ಲರ್ ಸುತ್ತಿದ್ದರು. ಎರಡು ವಾರದಿಂದ ಮೊಸರು ಬಂದ್, ಬಾಳೆಹಣ್ಣು ಬಂದ್. ದಿನಾ ರಾತ್ರಿ ಬಿಸಿನೀರಿನ ಆವಿ. ಯಾಕಮ್ಮ, ನೆಗಡಿಯಾ ಅಂತ ಕೇಳಿದೆ. "ಇಲ್ರೀ ಡಾಕ್ಟ್ರೇ, ಅಪ್ಪಾಜಿಗೆ ಹಾರ್ಟ್ ಏನಿಲ್ವಂತೆ, ಸೈನಸ್ ಅಂತೆ. ರಿಪೋರ್ಟ್‌ನಲ್ಲೇ ಬರೆದದೆ ನೋಡ್ರಿ" ಅಂದರು. ಬ್ಯಾಗಿನಿಂದ ಮಡಚಿದ ಇಸಿಜಿ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಮೇಲೆ ಮೊದಲನೇ ಸಾಲು: ಸೈನಸ್ ರಿದಮ್. ಅದರ ಕೆಳಗೆ ಇನ್ನೊಂದು ಸಾಲು: ನಾನ್‌ಸ್ಪೆಸಿಫಿಕ್ ಎಸ್‌ಟಿ-ಟಿ ಚೇಂಜಸ್. ಆ ಎರಡನೇ ಸಾಲನ್ನು ಆಕೆ ಓದಿದ್ದರು. ಅರ್ಥ ಆಗಿರಲಿಲ್ಲ, ಬಿಟ್ಟಿದ್ದರು.

ಆಕೆಯ ತಪ್ಪು ಇದರಲ್ಲಿ ಏನೂ ಇಲ್ಲ. ಸೈನಸ್ ಅಂದರೆ ನಮಗೆಲ್ಲ ಗೊತ್ತಿರುವುದು ಮೂಗಿನ ಪಕ್ಕ, ಹಣೆಯ ಒಳಗೆ ಇರುವ ಗೂಡುಗಳು, ಅಲ್ವಾ? ಅಲ್ಲಿ ಕಫ ಕಟ್ಟಿದರೆ ತಲೆನೋವು ಬರುತ್ತದೆ. ಅದೇ ಹೆಸರು ಹೃದಯದ ಕಾಗದದ ಮೇಲೆ ಕಂಡರೆ ಮನೆಯವರು ಇನ್ನೇನು ಅಂದುಕೊಳ್ಳಬೇಕು? ಯಾರೂ ಕೂತು ಹೇಳಿರಲಿಲ್ಲ. ಅದಕ್ಕೇ ಇವತ್ತು ಈ ಎರಡೇ ಎರಡು ಸಾಲು ಹಿಡಿದು ಮಾತಾಡುತ್ತೇನೆ. ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಈ ಎರಡು ಸಾಲು ಇರುವ ಕಾಗದ ಇದ್ದೇ ಇರುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಸೈನಸ್ ಅನ್ನುವುದು ಲ್ಯಾಟಿನ್ ಪದ. ಒಳಕ್ಕೆ ಬಾಗಿದ ಜಾಗ, ಗೂಡು, ಚೀಲದಂಥ ಜಾಗ ಅಂತ ಅರ್ಥ. ಮುಖದ ಮೂಳೆಯೊಳಗೆ ಅಂಥ ಜಾಗ ಇದೆ, ಅದಕ್ಕೂ ಸೈನಸ್ ಅಂದರು. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಹೃದಯಕ್ಕೆ ರಕ್ತ ಬಂದು ಸೇರುವ ಕಡೆ ಒಂದು ಚೀಲ ಇರುತ್ತದೆ, ಅದಕ್ಕೂ ಸೈನಸ್ ಅಂದರು. ಆ ಚೀಲ ಇದ್ದ ಕಡೆಯೇ, ಬಲಗಡೆ ಮೇಲಿನ ಕೋಣೆಯ ಗೋಡೆಯಲ್ಲಿ, ಒಂದು ಚಿಕ್ಕ ಗಂಟು ಉಳಿಯುತ್ತದೆ. ಅದಕ್ಕೆ ಸೈನಸ್ ನೋಡ್ ಅನ್ನುತ್ತಾರೆ. ನಾವು ತೆಂಗಿನಕಾಯಿಗೂ ಮೂರು ಕಣ್ಣು ಅನ್ನುತ್ತೇವೆ. ಹಾಗಂತ ಅದಕ್ಕೆ ಕಣ್ಣಿನ ಡ್ರಾಪ್ಸ್ ಹಾಕುವುದಿಲ್ಲ. ಹೆಸರು ಒಂದೇ, ಜಾಗ ಬೇರೆ.

ಹೃದಯದ ಪ್ರತಿ ಬಡಿತವೂ ಈ ಗಂಟಿನಲ್ಲೇ ಶುರುವಾಗಬೇಕು. ಇಲ್ಲಿ ಒಂದು ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೊದಲು ಮೇಲಿನ ಎರಡು ಕೋಣೆಗಳಿಗೆ ಹರಡುತ್ತದೆ. ನಡುವೆ ಒಂದು ಕ್ಷಣ ತಡೆದು ನಿಲ್ಲುತ್ತದೆ. ಆಮೇಲೆ ಕೆಳಗಿನ ದೊಡ್ಡ ಕೋಣೆಗಳಿಗೆ ಇಳಿಯುತ್ತದೆ. ಕೆಳಗಿನ ಕೋಣೆಗಳು ಹಿಂಡಿದಾಗ ರಕ್ತ ಮೈಗೆಲ್ಲ ಹೋಗುತ್ತದೆ.

ಈ ಊರಿನ ಹಿರಿಯರಿಗೆ ಕಾಟನ್ ಮಿಲ್ಲಿನ ಸೈರನ್ ನೆನಪಿರುತ್ತದೆ. ಸೈರನ್ ಕೂಗಿತು ಅಂದರೆ ಪಾಳಿ ಶುರು. ಸೈನಸ್ ಗಂಟು ಅಂದರೆ ಆ ಸೈರನ್ ಇದ್ದಂತೆ. ಸೈನಸ್ ರಿದಮ್ ಅಂತ ಬರೆದರೆ ಅರ್ಥ ಇಷ್ಟೇ: ಕೂಗಬೇಕಾದ ಸೈರನ್ನೇ ಕೂಗುತ್ತಿದೆ, ಬೇರೆ ಯಾರೂ ನಡುವೆ ಕೂಗುತ್ತಿಲ್ಲ. ಬಡಿತ ಹುಟ್ಟಬೇಕಾದ ಜಾಗದಲ್ಲೇ ಹುಟ್ಟುತ್ತಿದೆ. ಇದು ಒಳ್ಳೆಯ ಮಾತು. ಕಾಯಿಲೆಯ ಹೆಸರೇ ಅಲ್ಲ. ಆದರೆ ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಸೈರನ್ ಸರಿಯಾಗಿ ಕೂಗಿದ ಮಾತ್ರಕ್ಕೆ ಒಳಗೆ ಮಗ್ಗ ಸರಿ ಇದೆ, ಗೋಡೌನಿಗೆ ಹತ್ತಿ ಬಂದಿದೆ ಅಂತ ಹೇಳೋಕೆ ಆಗುತ್ತಾ? ಆಗಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿರುವವರಲ್ಲೂ ಸೈನಸ್ ರಿದಮ್ ಇರುತ್ತದೆ. ಹಾರ್ಟ್ ಅಟ್ಯಾಕ್ ಆಗುತ್ತಿರುವ ಹೊತ್ತಿನಲ್ಲೂ ಬಹಳ ಜನರ ಕಾಗದದ ಮೇಲೆ ಸೈನಸ್ ರಿದಮ್ ಅಂತಲೇ ಬಂದಿರುತ್ತದೆ. ಈ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

ಕಾಗದದ ಮೇಲೆ ಇದನ್ನು ನೀವೇ ನೋಡಬಹುದು. ಗುಲಾಬಿ ಚೌಕಗಳ ಮೇಲೆ ಕಪ್ಪು ಗೆರೆ ಇರುತ್ತದಲ್ಲ, ಅದರ ಕೊನೇ ಸಾಲು ಉದ್ದಕ್ಕೂ ಒಂದೇ ಗೆರೆ ಆಗಿರುತ್ತದೆ. ಆ ಸಾಲು ನೋಡಿ. ಎತ್ತರದ ಮೊನೆಯೊಂದು ಮತ್ತೆ ಮತ್ತೆ ಬರುತ್ತದೆ. ಅದು ಕೆಳಗಿನ ಕೋಣೆಗೆ ವಿದ್ಯುತ್ ಇಳಿದ ಗುರುತು. ಪ್ರತಿ ಮೊನೆಗೂ ಸ್ವಲ್ಪ ಮೊದಲು ಒಂದು ಪುಟ್ಟ ಉಬ್ಬು ಇರಬೇಕು. ಅದಕ್ಕೆ ಪಿ ಅನ್ನುತ್ತಾರೆ. ಅದು ಮೇಲಿನ ಕೋಣೆಯ ಗುರುತು. ಪುಟ್ಟ ಉಬ್ಬು, ಮೊನೆ. ಪುಟ್ಟ ಉಬ್ಬು, ಮೊನೆ. ಹೀಗೆ ಜೋಡಿ ತಪ್ಪದೆ ಬರುತ್ತಿದ್ದರೆ ಸಾಮಾನ್ಯವಾಗಿ ಸೈನಸ್ ರಿದಮ್. ಉಬ್ಬು ಯಾವ ದಿಕ್ಕಿಗಿದೆ ಅನ್ನುವುದನ್ನೂ ಸೇರಿಸಿ ಡಾಕ್ಟರು ನೋಡುತ್ತಾರೆ, ಅದು ಅವರ ಕೆಲಸ.

ಬಡಿತದ ಲೆಕ್ಕವೂ ಸುಲಭ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ದೊಡ್ಡ ಚೌಕ ಅಂದರೆ 0.2 ಸೆಕೆಂಡ್. ಒಂದು ಮೊನೆಯಿಂದ ಮುಂದಿನ ಮೊನೆಗೆ ಎಷ್ಟು ದೊಡ್ಡ ಚೌಕ ಅಂತ ಎಣಿಸಿ, 300ನ್ನು ಅದರಿಂದ ಭಾಗಿಸಿ. ನಾಲ್ಕು ಚೌಕ ಇದ್ದರೆ ನಿಮಿಷಕ್ಕೆ 75. 60ರಿಂದ 100ರ ಒಳಗೆ ಇದ್ದರೆ ಬರೀ ಸೈನಸ್ ರಿದಮ್ ಅಂತ ಬರೆಯುತ್ತಾರೆ. 60ಕ್ಕಿಂತ ಕಡಿಮೆ ಇದ್ದರೆ ಸೈನಸ್ ಬ್ರಾಡಿಕಾರ್ಡಿಯಾ, 100 ದಾಟಿದರೆ ಸೈನಸ್ ಟಾಕಿಕಾರ್ಡಿಯಾ. ಬಡಿತ ಹುಟ್ಟುವ ಜಾಗ ಸರಿಯೇ ಇದೆ, ವೇಗ ಮಾತ್ರ ಕಡಿಮೆ ಅಥವಾ ಜಾಸ್ತಿ. ಸ್ಟೆಂಟ್ ಹಾಕಿಸಿಕೊಂಡ ಎಷ್ಟೋ ಜನ ಮೆಟೊಪ್ರೊಲಾಲ್ ಥರದ ಮಾತ್ರೆ ತಗೋತಾರೆ. ಆ ಮಾತ್ರೆಯ ಕೆಲಸವೇ ಬಡಿತ ಇಳಿಸುವುದು. ಅವರ ಕಾಗದದ ಮೇಲೆ 54 ಅಂತ ಬಂದರೆ ಹೆದರಿ ಮಾತ್ರೆ ನಿಲ್ಲಿಸಬೇಡಿ. ತಲೆಸುತ್ತು, ಕಣ್ಣುಕತ್ತಲೆ ಇದ್ದರೆ ಡಾಕ್ಟರಿಗೆ ಹೇಳಿ, ಅವರು ಕಡಿಮೆ ಮಾಡುತ್ತಾರೆ. ನೀವೇ ದಿಢೀರ್ ಅಂತ ನಿಲ್ಲಿಸಿದರೆ ತೊಂದರೆ ಜಾಸ್ತಿ.

ಈ ಸೈನಸ್ ಅನ್ನುವ ಪದ ಕಾಗದದ ಮೇಲೆ ಇಲ್ಲದೇ ಹೋದಾಗ ನೀವು ಕೇಳಬೇಕು. ಏಟ್ರಿಯಲ್ ಫಿಬ್ರಿಲೇಶನ್ ಅಂತ ಇದ್ದರೆ ಸೈರನ್ ಕೂಗುತ್ತಿಲ್ಲ, ಮೇಲಿನ ಕೋಣೆಯಲ್ಲಿ ನೂರಾರು ಕಡೆ ಗದ್ದಲ ಎದ್ದಿದೆ ಅಂತ. ಪುಟ್ಟ ಉಬ್ಬು ಮಾಯವಾಗಿರುತ್ತದೆ, ಮೊನೆಗಳ ಅಂತರ ಒಂದೊಂದೂ ಒಂದೊಂದು ಥರ. ಅಂಥವರಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುವ ಸಾಧ್ಯತೆ ಇರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಬೇಕಾ ಅಂತ ನೋಡಬೇಕಾಗುತ್ತದೆ. ಅದು ಬೇರೆಯೇ ಮಾತು, ಇವತ್ತು ಬೇಡ.

ಈಗ ಎರಡನೇ ಸಾಲಿಗೆ ಬರೋಣ. ನಾನ್‌ಸ್ಪೆಸಿಫಿಕ್ ಎಸ್‌ಟಿ-ಟಿ ಚೇಂಜಸ್. ನನ್ನ ಅನುಭವದಲ್ಲಿ ಮನೆಯವರನ್ನು ಬಹಳ ಕಂಗೆಡಿಸುವ ಸಾಲು ಇದೇ. ಕೆಲವರು ಹಾರ್ಟ್ ಹೋಯ್ತು ಅಂತ ಅಳುತ್ತಾರೆ. ಕೆಲವರು ಏನೂ ಇಲ್ಲ ಅಂತ ಕಾಗದ ಮಡಚಿಡುತ್ತಾರೆ. ಎರಡೂ ಆ ಸಾಲಿನ ಅರ್ಥ ಅಲ್ಲ.

ಮೊನೆ ಆದಮೇಲೆ ಗೆರೆ ಸ್ವಲ್ಪ ದೂರ ಸಮತಟ್ಟಾಗಿ ಹೋಗುತ್ತದೆ. ಆ ತುಂಡಿಗೆ ಎಸ್‌ಟಿ ಅನ್ನುತ್ತಾರೆ. ಆಮೇಲೆ ಒಂದು ದುಂಡನೆಯ ಗುಡ್ಡ ಬರುತ್ತದೆ. ಅದು ಟಿ. ಕೆಳಗಿನ ಕೋಣೆ ಒಮ್ಮೆ ಹಿಂಡಿದ ಮೇಲೆ ಮುಂದಿನ ಬಡಿತಕ್ಕೆ ಮತ್ತೆ ಸಿದ್ಧವಾಗಬೇಕಲ್ಲ, ಆ ಸಿದ್ಧವಾಗುವ ಹೊತ್ತು ಇದು. ಜೀವಕೋಶಗಳೊಳಗೆ ಉಪ್ಪುಗಳು, ಮುಖ್ಯವಾಗಿ ಪೊಟ್ಯಾಶಿಯಂ, ಹೊರಗೆ ಒಳಗೆ ಓಡಾಡಿ ಮೊದಲಿನ ಸ್ಥಿತಿಗೆ ತರುತ್ತವೆ. ಇದು ಬಹಳ ನಾಜೂಕಿನ ಕೆಲಸ. ರಕ್ತ ಕಡಿಮೆಯಾದರೂ ಕೆಡುತ್ತದೆ, ಪೊಟ್ಯಾಶಿಯಂ ಇಳಿದರೂ ಕೆಡುತ್ತದೆ. ಹಳೇ ಬಿಪಿಯಿಂದ ಗೋಡೆ ದಪ್ಪವಾಗಿದ್ದರೂ, ಥೈರಾಯ್ಡ್ ಇದ್ದರೂ, ಡಿಗಾಕ್ಸಿನ್ ಥರದ ಮಾತ್ರೆ ತಗೊಂಡಿದ್ದರೂ ಬದಲಾಗುತ್ತದೆ. ಗಾಬರಿಯಿಂದ ಏದುಸಿರು ಬಿಟ್ಟರೂ ಬದಲಾಗುತ್ತದೆ. ಎದೆಗೆ ಅಂಟಿಸುವ ಬಟನ್ ಒಂದು ಪಕ್ಕೆಲುಬು ಮೇಲೆ ಕೆಳಗೆ ಆದರೂ ಟಿ ಬೇರೆ ಥರ ಕಾಣುತ್ತದೆ. ಯಾವ ತೊಂದರೆ ಬಂದರೂ ಬೇಗ ಅಲುಗಾಡುವ ಜಾಗ ಇದು. ಅದಕ್ಕೇ ಅದರ ಮೇಲಿನ ಸಣ್ಣ ಬದಲಾವಣೆ ನೋಡಿ ಕಾರಣ ಇಂಥದ್ದೇ ಅಂತ ಹೇಳೋಕೆ ಆಗುವುದಿಲ್ಲ.

ಇಲ್ಲಿ ಮೆಕ್ಕೆಜೋಳ ಬೆಳೆಯುವವರು ಬಹಳ ಜನ ಇದ್ದೀರಿ. ನಿಮಗೆ ನಾನು ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಲಕ್ಕೆ ಹೋದಾಗ ಎಲೆ ಹಳದಿ ತಿರುಗಿದೆ ಅಂದುಕೊಳ್ಳಿ. ಯೂರಿಯಾ ಸಾಲದೆ ಇರಬಹುದು. ನೀರು ನಿಂತಿರಬಹುದು. ಮಳೆ ಕೈಕೊಟ್ಟಿರಬಹುದು. ಬೇರಿಗೆ ಏನಾದರೂ ಆಗಿರಬಹುದು. ಹಳದಿ ಎಲೆ ಸುಳ್ಳಲ್ಲ, ಆದರೆ ಅದೊಂದನ್ನೇ ನೋಡಿ ಯಾವ ಔಷಧಿ ಅಂತ ಹೇಳೋಕೆ ಬರಲ್ಲ. ಅದೇ ಸುಳಿಯಲ್ಲಿ ತೂತು ಇದ್ದು, ಮರದ ಪುಡಿ ಥರ ಹಿಕ್ಕೆ ಬಿದ್ದಿದ್ದರೆ? ನೋಡಿದ ತಕ್ಷಣ ಸೈನಿಕ ಹುಳು ಅಂತೀರಿ. ಇಸಿಜಿಯಲ್ಲೂ ಹಾಗೇ. ಹೃದಯದ ಒಂದೊಂದು ಮಗ್ಗುಲು ತೋರಿಸುವ ಗೆರೆಗೆ ಲೀಡ್ ಅನ್ನುತ್ತಾರೆ. ಎಸ್‌ಟಿ ಗೆರೆ ಅಕ್ಕಪಕ್ಕದ ಲೀಡುಗಳಲ್ಲಿ ಸ್ಪಷ್ಟವಾಗಿ ಮೇಲೆದ್ದು ನಿಂತಿದ್ದರೆ, ಜೊತೆಗೆ ಎದೆನೋವಿದ್ದರೆ, ಅದು ಸುಳಿಯಲ್ಲಿ ಕಂಡ ಹಿಕ್ಕೆ. ತಕ್ಷಣ ಓಡಬೇಕು. ನಾನ್‌ಸ್ಪೆಸಿಫಿಕ್ ಅಂದರೆ ಹಳದಿ ಎಲೆ. ಬದಲಾವಣೆ ಇದೆ, ಕಾರಣ ಈ ಒಂದು ಕಾಗದ ಹೇಳಲಾರದು, ಹೊಲ ಪೂರ್ತಿ ನೋಡಬೇಕು. ಇದನ್ನೇ ನಾನು ಕನ್ನಡದಲ್ಲಿ ಆ ಸಾಲಿನ ಅರ್ಥ ಅಂತ ಹೇಳುತ್ತೇನೆ.

ಒಬ್ಬರ ಕಾಗದ ಹಿಡಿದು ನೋಡೋಣ. ಹರಿಹರದ ಕಡೆಯ ಒಬ್ಬ ರೈತರು, 62 ವರ್ಷ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು. ಹರ್ನಿಯಾ ಆಪರೇಷನ್‌ಗೆ ಮೊದಲು ಇಸಿಜಿ ಮಾಡಿಸಿದ್ದರು. ಯಂತ್ರ ಮೇಲುಗಡೆ ಅಚ್ಚು ಹಾಕಿದ್ದು ಹೀಗೆ: ಸೈನಸ್ ರಿದಮ್, ಬಡಿತ 78. ನಾನ್‌ಸ್ಪೆಸಿಫಿಕ್ ಎಸ್‌ಟಿ-ಟಿ ಅಬ್‌ನಾರ್ಮಾಲಿಟಿ. ಕೊನೆಗೆ ಅಬ್‌ನಾರ್ಮಲ್ ಇಸಿಜಿ. ಚಿಕ್ಕ ಮಗ ಫೋಟೋ ತೆಗೆದು ಬೆಂಗಳೂರಿನ ಅಣ್ಣನಿಗೆ ವಾಟ್ಸಾಪ್ ಮಾಡಿದರು. ಅಣ್ಣ ಮೊದಲನೇ ಸಾಲು ಹಿಡಿದುಕೊಂಡು "ಸೈನಸ್ ರಿದಮ್ ಅಂದ್ರೆ ನಾರ್ಮಲ್ ಕಣೋ, ಆಪರೇಷನ್ ಮಾಡಿಸು" ಅಂದರು. ಮನೆಯಲ್ಲಿ ತಾಯಿ ಕೊನೇ ಸಾಲಿನ ಅಬ್‌ನಾರ್ಮಲ್ ಅನ್ನುವ ಪದ ಕೇಳಿ, ಸ್ಟೆಂಟ್ ಮುಚ್ಚಿಹೋಗಿದೆ ಅಂತ ಊಟ ಬಿಟ್ಟು ಕೂತರು. ಇಬ್ಬರೂ ನೋಡಿದ್ದು ಒಂದೇ ಕಾಗದ.

ಇಲ್ಲೊಂದು ಮಾತು. ಆ ಮೇಲಿನ ಸಾಲುಗಳನ್ನು ಬರೆಯುವುದು ಯಂತ್ರ. ಅದು ಗೆರೆ ಅಳೆಯುತ್ತದೆ, ಒಳಗಿರುವ ನಿಯಮಕ್ಕೆ ಹೊಂದಿಸಿ ವಾಕ್ಯ ಅಚ್ಚು ಹಾಕುತ್ತದೆ. ರೋಗಿಗೆ ಎದೆನೋವಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹೋದ ವರ್ಷದ ಕಾಗದ ಹೇಗಿತ್ತು ಅಂತ ಸಾಮಾನ್ಯವಾಗಿ ಅದರ ಮುಂದೆ ಇರುವುದಿಲ್ಲ. ಬಹಳ ಕಾಗದಗಳ ಮೇಲೆ ಅನ್‌ಕನ್ಫರ್ಮ್ಡ್ ಅಂತ ಇರುತ್ತದೆ. ಡಾಕ್ಟರು ಇನ್ನೂ ನೋಡಿ ಒಪ್ಪಿಲ್ಲ ಅಂತ ಅದರ ಅರ್ಥ. ಯಂತ್ರಕ್ಕೆ ಪುಟ್ಟ ಬದಲಾವಣೆ ಕಂಡರೂ ಅಬ್‌ನಾರ್ಮಲ್ ಅಂತ ಕೊನೆಯಲ್ಲಿ ಬರೆದುಬಿಡಬಹುದು. ಆ ಪದದ ತೂಕ ಎಷ್ಟು ಅಂತ ಹೇಳಬೇಕಾದವರು ಮುಂದೆ ಕೂತ ಡಾಕ್ಟರು.

ನಾನು ಆ ರೈತರನ್ನು ಮಲಗಿಸಿ ಮತ್ತೊಮ್ಮೆ ಇಸಿಜಿ ತೆಗೆಸಿದೆ. ಬಟನ್ ಸರಿಯಾದ ಜಾಗದಲ್ಲಿ ಇದೆಯಾ ಅಂತ ನಾನೇ ಬೆರಳಿಟ್ಟು ಪಕ್ಕೆಲುಬು ಎಣಿಸಿದೆ. ಅದೇ ಬಂತು. ಅಂದರೆ ಬದಲಾವಣೆ ನಿಜ. ಹಳೇ ಇಸಿಜಿ ಇದೆಯಾ ಅಂತ ಕೇಳಿದೆ. ಚಿಕ್ಕ ಮಗ ಮನೆಗೆ ಫೋನ್ ಮಾಡಿದರು. ಟ್ರಂಕಿನಲ್ಲಿ, ಪಹಣಿ ಕಾಗದದ ಜೊತೆ ಇಟ್ಟಿದ್ದರಂತೆ. ಸಂಜೆ ಬಸ್ಸಿಗೆ ಕಳಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟೆವು. ಎದೆಯ ಎಡಗಡೆ ತೋರಿಸುವ ವಿ4, ವಿ5, ವಿ6 ಅಂತ ಮೂರು ಲೀಡ್ ಇದೆ. ಹಳೆಯದರಲ್ಲಿ ಅಲ್ಲಿ ಟಿ ಗುಡ್ಡ ನಾಲ್ಕು ಸಣ್ಣ ಚೌಕದಷ್ಟು ಎತ್ತರ. ಹೊಸದರಲ್ಲಿ ಒಂದು ಚೌಕವೂ ಇಲ್ಲ, ಚಪ್ಪಟೆ. ಎಸ್‌ಟಿ ಗೆರೆ ಅರ್ಧ ಚೌಕ ತಗ್ಗಿತ್ತು. ಹಾಗಾದರೆ ಇದು ಹಳೇ ಗಾಯದ ಗುರುತಲ್ಲ, ಇತ್ತೀಚೆಗೆ ಬಂದಿದ್ದು. ಎರಡೂ ಕಾಗದದಲ್ಲಿ ಒಂದೇ ಥರ ಚಪ್ಪಟೆ ಇದ್ದಿದ್ದರೆ ನನ್ನ ಯೋಚನೆಯೇ ಬೇರೆ ಆಗುತ್ತಿತ್ತು. ಬಹಳ ದಿನದಿಂದ ಹಾಗೇ ಇದೆ, ತೊಂದರೆಯೂ ಇಲ್ಲ ಅಂದರೆ ಅಷ್ಟು ಅವಸರ ಇಲ್ಲ. ಟ್ರಂಕಿನಲ್ಲಿದ್ದ ಆ ಕಾಗದ ಇಲ್ಲದೇ ಇದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಆಮೇಲೆ ಪ್ರಶ್ನೆ ಕೇಳಿದೆ. ಎದೆನೋವು, ಎದೆ ಹಿಡಿದಂತೆ? ಇಲ್ಲ. ನಡೆದರೆ ಉಬ್ಬಸ? ಇಲ್ಲ. ಬೆವರು? ಇಲ್ಲ. ಮತ್ತೆ ಹೇಗಿದ್ದೀರಿ? "ಕಾಲಲ್ಲಿ ಶಕ್ತಿನೇ ಇಲ್ರಿ. ಬದುವು ಹತ್ತೋಕೆ ಆಗವಲ್ದು" ಅಂದರು. ಎಷ್ಟು ದಿನದಿಂದ? ಆಗ ಹೆಂಡತಿ ಬಾಯಿ ಬಿಟ್ಟರು. ಜಾತ್ರೆಯಲ್ಲಿ ಊಟ ಮಾಡಿ ಬಂದ ಮೇಲೆ ನಾಲ್ಕು ದಿನ ಭೇದಿ. ಆಪರೇಷನ್ ಮುಂದಕ್ಕೆ ಹೋಗುತ್ತದೆ ಅಂತ ಯಾರಿಗೂ ಹೇಳಿರಲಿಲ್ಲ. ಜೊತೆಗೆ ಬಿಪಿಗೆ ಅಂತ ಮೂತ್ರ ಜಾಸ್ತಿ ಹೋಗುವ ಮಾತ್ರೆ ಒಂದು ದಿನವೂ ತಪ್ಪಿಸದೆ ತಗೊಂಡಿದ್ದರು. ಭೇದಿಯಲ್ಲೂ ಪೊಟ್ಯಾಶಿಯಂ ಹೋಗುತ್ತದೆ, ಆ ಮಾತ್ರೆಯಲ್ಲೂ ಹೋಗುತ್ತದೆ. ರಕ್ತ ಕಳಿಸಿದೆ. ಪೊಟ್ಯಾಶಿಯಂ 2.9. ಇರಬೇಕಾದ್ದು ಸುಮಾರು 3.5ರಿಂದ 5. ಸ್ಟೆಂಟ್ ಇರುವವರು, ಹಾಗಾಗಿ ಅಷ್ಟಕ್ಕೇ ಬಿಡಲಿಲ್ಲ. ಹೃದಯದ ಮಾಂಸಖಂಡಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ನೋಡಿದೆವು, ಸರಿ ಇತ್ತು. ಹೃದಯದ ಸ್ಕ್ಯಾನ್, ಅಂದರೆ ಎಕೋ ಮಾಡಿಸಿದೆವು, ಹಿಂದಿನಂತೆಯೇ ಇತ್ತು.

ಮೂತ್ರದ ಮಾತ್ರೆ ನಿಲ್ಲಿಸಿ ಪೊಟ್ಯಾಶಿಯಂ ಔಷಧಿ ಕೊಟ್ಟೆವು. ಮೂರನೇ ದಿನಕ್ಕೆ 4.1 ಬಂತು. ಅವತ್ತಿನ ಇಸಿಜಿಯಲ್ಲಿ ಟಿ ಗುಡ್ಡ ಮತ್ತೆ ಎದ್ದಿತ್ತು, ಮೂರು ಚೌಕ. ಹರ್ನಿಯಾ ಆಪರೇಷನ್ ಒಂದು ವಾರ ಮುಂದಕ್ಕೆ ಹೋಯಿತು, ಅಷ್ಟೆ. ಅಣ್ಣ ಹೇಳಿದಂತೆ ಅವತ್ತೇ ಮಾಡಿಸಿದ್ದರೆ, ಅಷ್ಟು ಕಡಿಮೆ ಪೊಟ್ಯಾಶಿಯಂನಲ್ಲಿ ಆಪರೇಷನ್ ಟೇಬಲ್ ಮೇಲೆ ಬಡಿತ ಅಡ್ಡಾದಿಡ್ಡಿ ಆಗುವ ಅಪಾಯ ಇತ್ತು.

ಈ ಕಥೆ ಕೇಳಿ ಯಾರೂ ಮನೆಗೆ ಹೋಗಿ ದಿನಾ ಎರಡು ಎಳನೀರು ಶುರು ಮಾಡಬೇಡಿ. ದಯವಿಟ್ಟು. ಹೃದಯಕ್ಕೆ, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಪೊಟ್ಯಾಶಿಯಂ ಏರಿಸುತ್ತವೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಅಂಥವು. ಕಿಡ್ನಿ ಸ್ವಲ್ಪ ಕುಂಠಿತ ಆಗಿರುವವರಲ್ಲಿ ಅದು ಇನ್ನೂ ಏರುತ್ತದೆ. ಪೊಟ್ಯಾಶಿಯಂ ಜಾಸ್ತಿಯಾದರೆ ಹೃದಯ ನಿಂತೇ ಹೋಗಬಹುದು. ಕಾಗದದ ಸಾಲು ನೋಡಿ ಕಡಿಮೆಯೋ ಜಾಸ್ತಿಯೋ ಅಂತ ಊಹಿಸೋಕೆ ಹೋಗಬಾರದು. ರಕ್ತದಲ್ಲೇ ನೋಡಬೇಕು.

ಮೊದಲು ಹೇಳಿ ಬಿಟ್ಟಿದ್ದ ಮಾತಿಗೆ ಈಗ ಬರುತ್ತೇನೆ. ಇದು ನನ್ನ ಮನಸ್ಸಿನಿಂದ ಹೋಗದ ಒಂದು ರಾತ್ರಿ. 55 ವರ್ಷದ ತಾಯಿ. ಶುಗರ್ ಇತ್ತು. ರಾತ್ರಿ ಹನ್ನೊಂದಕ್ಕೆ ಹೊಟ್ಟೆಯ ಮೇಲ್ಭಾಗ ಉರಿ, ದವಡೆ ಸೆಳೆತ, ಸೆರಗು ನೆನೆಯುವಷ್ಟು ಬೆವರು. ಹತ್ತಿರದ ಒಂದು ಕಡೆ ಹೋಗಿ ಇಸಿಜಿ ಮಾಡಿಸಿದರು. ಸೈನಸ್ ರಿದಮ್, ನಾನ್‌ಸ್ಪೆಸಿಫಿಕ್ ಟಿ ಚೇಂಜಸ್. ಗ್ಯಾಸ್ಟ್ರಿಕ್ ಇರಬೇಕು ಅಂದರು. ಅಲ್ಲಿ ಇನ್ನೊಂದು ಸಲ ಇಸಿಜಿ ತೆಗೆಯಲಿಲ್ಲ, ಮನೆಯವರಿಗೆ ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಮಾತ್ರೆ ನುಂಗಿಸಿ ಮನೆಗೆ ಕರೆದುಕೊಂಡು ಹೋದರು. ಬೆಳಗಿನ ಜಾವ ನಾಲ್ಕಕ್ಕೆ ನಮ್ಮಲ್ಲಿಗೆ ಬಂದಾಗ ತೆಗೆದ ಕಾಗದದಲ್ಲಿ ಹೃದಯದ ಕೆಳಭಾಗ ತೋರಿಸುವ ಮೂರೂ ಲೀಡಿನಲ್ಲಿ ಎಸ್‌ಟಿ ಎದ್ದು ನಿಂತಿತ್ತು. ಮೇಲೆ ಆಗಲೂ ಅಚ್ಚಾಗಿತ್ತು, ಸೈನಸ್ ರಿದಮ್ ಅಂತ. ಆ ತಾಯಿ ಉಳಿದರು. ಆದರೆ ಆ ಐದು ಗಂಟೆಯಲ್ಲಿ ಸತ್ತ ಮಾಂಸಖಂಡ ವಾಪಸ್ ಬರಲಿಲ್ಲ.

ಏನಾಗಿತ್ತು? ಒಂದು ಇಸಿಜಿ ಅಂದರೆ ಸುಮಾರು ಹತ್ತು ಸೆಕೆಂಡಿನ ದಾಖಲೆ. ಹೃದಯದ ಒಂದೊಂದು ಮಗ್ಗುಲನ್ನು ಕಾಗದದ ಮೇಲೆ ತೋರಿಸುವುದು ಎರಡೂವರೆ ಸೆಕೆಂಡ್. ರಕ್ತನಾಳ ಕಟ್ಟಿಕೊಳ್ಳುವುದು ಒಂದೇ ಏಟಿಗೆ ಆಗಬೇಕು ಅಂತೇನಿಲ್ಲ. ಕಟ್ಟಿ, ಸ್ವಲ್ಪ ಬಿಟ್ಟು, ಮತ್ತೆ ಕಟ್ಟಬಹುದು. ಆ ಹತ್ತು ಸೆಕೆಂಡಿನಲ್ಲಿ ಹಳದಿ ಎಲೆ ಮಾತ್ರ ಕಾಣಬಹುದು. ಟ್ರೋಪೋನಿನ್ ಕೂಡ ನೋವು ಶುರುವಾದ ತಕ್ಷಣ ಏರುವುದಿಲ್ಲ, ಕೆಲವು ಗಂಟೆ ಬೇಕು. ಅದಕ್ಕೇ ಎದೆನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಮೊದಲ ಇಸಿಜಿ ಆಗಬೇಕು, ಅದರಲ್ಲಿ ಸ್ಪಷ್ಟವಾಗಿ ಏನೂ ಸಿಗದೆ ನೋವು ಇದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು ಅನ್ನುವುದು ನಾವು ಪಾಲಿಸುವ ಕ್ರಮ. ಟ್ರೋಪೋನಿನ್ನೂ ಬೇಕಾದರೆ ಎರಡನೇ ಸಲ ನೋಡಬೇಕು.

ಹಾಗಾಗಿ ನೋವು, ಬೆವರು, ಉಬ್ಬಸ ಇರುವಾಗ ನಾನ್‌ಸ್ಪೆಸಿಫಿಕ್ ಅಂತ ಕಾಗದ ಬಂದರೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಡಾಕ್ಟ್ರೇ, ಮತ್ತೆ ಯಾವಾಗ ಇಸಿಜಿ ತೆಗೀತೀರಿ?" ಧೈರ್ಯವಾಗಿ ಕೇಳಿ. ಇದನ್ನು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮನೆಗೆ ಕರೆದುಕೊಂಡು ಹೋದ ಮೇಲೆ ನೋವು ಮತ್ತೆ ಬಂದರೆ, ಆಗಲೇ ತೋರಿಸಿದ್ದೇವಲ್ಲ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮೊದಲಿನ ಕಾಗದ ಮೊದಲಿನ ಹೊತ್ತಿಗೆ ಮಾತ್ರ ಸೇರಿದ್ದು. ಶುಗರ್ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವು ಎದೆಯಲ್ಲೇ ಬರಬೇಕು ಅಂತಿಲ್ಲ. ಹೊಟ್ಟೆ ಉರಿ, ಸುಸ್ತು, ದವಡೆ, ಭುಜ, ಬೆನ್ನು, ಎಲ್ಲಿ ಬೇಕಾದರೂ ಬರಬಹುದು.

ಮಾತಿನ ನಡುವೆ ಒಂದು ಸಣ್ಣ ಸಂಗತಿ. ಈ ಪಿ, ಕ್ಯೂ, ಆರ್, ಎಸ್, ಟಿ ಅನ್ನುವ ಹೆಸರು ಬಳಕೆಗೆ ತಂದವರು ಹಾಲೆಂಡಿನ ಐಂಥೋವೆನ್. ಅವರ ಯಂತ್ರದಲ್ಲಿ ರೋಗಿ ಎರಡೂ ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟುಕೊಂಡು ಕೂರಬೇಕಿತ್ತು. ಯಂತ್ರ ಎರಡು ಕೋಣೆ ತುಂಬುವಷ್ಟಿತ್ತು. ಅದಕ್ಕೆ 1924ರಲ್ಲಿ ನೊಬೆಲ್ ಬಂತು. ಈಗ ಉಪ್ಪುನೀರಿನ ಬದಲು ಜೆಲ್ ಹಚ್ಚುತ್ತಾರೆ, ಕೈಕಾಲಿಗೆ ಕ್ಲಿಪ್ ಹಾಕುತ್ತಾರೆ. ಚರ್ಮ ಮತ್ತು ಲೋಹದ ನಡುವೆ ಸಂಪರ್ಕ ಸರಿ ಇರಬೇಕು ಅನ್ನುವುದು ಅವತ್ತಿನಷ್ಟೇ ಇವತ್ತೂ ಮುಖ್ಯ. ಎದೆಯ ಮೇಲೆ ಕೂದಲು ದಟ್ಟ ಇದ್ದರೆ ಅಷ್ಟು ಜಾಗ ಬೋಳಿಸುತ್ತಾರೆ, ಬೇಡ ಅನ್ನಬೇಡಿ. ರೋಗಿ ಚಳಿಗೆ ನಡುಗುತ್ತಿದ್ದರೆ ಗೆರೆಯೂ ನಡುಗುತ್ತದೆ, ಸಣ್ಣ ಬದಲಾವಣೆ ಓದೋಕೆ ಆಗುವುದಿಲ್ಲ. ಒಂದು ಹೊದಿಕೆ ಹೊದಿಸಿ. ಆ ಹತ್ತು ಸೆಕೆಂಡ್ ಮಾತಾಡಿಸಬೇಡಿ.

ಕೊನೆಗೆ ಆ ಟ್ರಂಕಿನ ಕಾಗದದ ವಿಷಯ. ಹಳೇ ಇಸಿಜಿ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಮ್ಮೆ ಒಬ್ಬ ಮಗ ತಾಯಿಯ ಇಸಿಜಿಯನ್ನು ಬಹಳ ಜೋಪಾನ ಮಾಡಬೇಕು ಅಂತ ಲ್ಯಾಮಿನೇಶನ್ ಮಾಡಿಸಲು ಕೊಟ್ಟಿದ್ದರು. ಕೈಗೆ ಬಂದದ್ದು ಪೂರ್ತಿ ಕಪ್ಪು ಹಾಳೆ. ಅದನ್ನೇ ಹಿಡಿದುಕೊಂಡು ಬಂದು ನನ್ನ ಮುಂದೆ ಕೂತಿದ್ದರು, ಕಣ್ಣಲ್ಲಿ ನೀರು. ಇಸಿಜಿ ಕಾಗದ ಬಿಸಿಗೆ ಕಪ್ಪಾಗುವ ಕಾಗದ. ಯಂತ್ರ ಅದರ ಮೇಲೆ ಶಾಯಿಯಿಂದ ಬರೆಯುವುದಿಲ್ಲ, ಬಿಸಿ ತಗುಲಿಸಿ ಬರೆಯುತ್ತದೆ. ಲ್ಯಾಮಿನೇಶನ್ ಮೆಷಿನ್ನಿನ ಬಿಸಿಗೆ ಹಾಳೆಯೆಲ್ಲ ಕಪ್ಪಾಯಿತು. ಬಿಸಿಲಿಗೆ ಇಟ್ಟರೆ ಇನ್ನೊಂದು ಥರ, ಗೆರೆ ಮಾಸುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೂ ಮಾಸಬಹುದು. ಮಾಡಿಸಿದ ದಿನವೇ ಜೆರಾಕ್ಸ್ ಮಾಡಿಸಿ. ಜೆರಾಕ್ಸ್ ಗೆರೆ ಮಾಸುವುದಿಲ್ಲ. ಫೋನಿನಲ್ಲಿ ನೆಟ್ಟಗೆ ಮೇಲಿನಿಂದ ಫೋಟೋ ತೆಗೆಯಿರಿ, ಚೌಕಗಳು ಕಾಣಬೇಕು. ಅಸಲು ಕಾಗದವನ್ನು ಸಾದಾ ಕಾಗದದ ಲಕೋಟೆಯಲ್ಲಿ ಹಾಕಿ ಕತ್ತಲಲ್ಲಿ ಇಡಿ.

ಜೆರಾಕ್ಸಿನ ಹಿಂದೆ ನಾಲ್ಕು ಮಾತು ಬರೆಯಿರಿ, ಕನ್ನಡದಲ್ಲೇ. ಯಾವ ದಿನ, ಎಷ್ಟು ಹೊತ್ತಿಗೆ, ಆಗ ನೋವು ಇತ್ತಾ ಇಲ್ಲವಾ, ಯಾವ ಮಾತ್ರೆ ತಗೋತಿದ್ದರು. ಹರಿಹರದ ಆ ಚಿಕ್ಕ ಮಗ ಈಗ ಹಾಗೇ ಮಾಡುತ್ತಾರೆ. ಹೋದ ತಿಂಗಳು ತಂದೆಯನ್ನು ತೋರಿಸಲು ಬಂದಾಗ ಮೂರು ಜೆರಾಕ್ಸ್ ತಂದಿದ್ದರು. ನಡುವಿನದರ ಹಿಂದೆ ನೀಲಿ ಪೆನ್ನಿನಲ್ಲಿ ಬರೆದಿತ್ತು: "ಎದೆನೋವು ಇರಲಿಲ್ಲ. ಭೇದಿ ನಾಲ್ಕು ದಿನ. ಮೂತ್ರದ ಮಾತ್ರೆ ನಡೀತಿತ್ತು. ಪೊಟ್ಯಾಶಿಯಂ 2.9."